ಕಟ್ ಹೊಡೆದಾಗ ಮಂಡಿ ಒಳಕ್ಕೆ ಯಾಕೆ ಹೋಗುತ್ತದೆ?

ಖೋ ಖೋದಲ್ಲಿ ಬೆನ್ನಟ್ಟುವವಳಿಗೆ ಕಟ್ಟುಪಾಡು ಜಾಸ್ತಿ. ಒಮ್ಮೆ ಒಂದು ದಿಕ್ಕು ಹಿಡಿದರೆ ಕಂಬ ದಾಟುವ ತನಕ ಹಿಂದಕ್ಕೆ ತಿರುಗುವಂತಿಲ್ಲ. ಕೂತವರ ಸಾಲನ್ನು ನಡುವೆ ತೂರಿ ದಾಟುವಂತೆಯೂ ಇಲ್ಲ. ಓಡುವವಳಿಗೆ ಈ ಎರಡೂ ಅಡ್ಡಿ ಇಲ್ಲ. ಅವಳು ಕೂತವರ ಸಂದಿಯಲ್ಲಿ ಎಲ್ಲಿ ಬೇಕಾದರೂ ನುಗ್ಗಬಹುದು, ಎಷ್ಟು ಸಲ ಬೇಕಾದರೂ ತಿರುಗಬಹುದು. ಹಾಗಾಗಿ ನೇರ ಓಟದಲ್ಲಿ ತನಗಿಂತ ಜೋರಾಗಿ ಓಡುವವಳ ಕೈಗೂ ಸಿಗದೆ ಅವಳು ಮೂರು ನಿಮಿಷ ತಳ್ಳಬಲ್ಲಳು. ಅವಳ ಬಂಡವಾಳ ಒಂದೇ, ಓಡುತ್ತಲೇ ಥಟ್ಟನೆ ದಿಕ್ಕು ಬದಲಿಸುವ ಕಟ್.

ಹಾಸನ, ಚಿಕ್ಕಮಗಳೂರು ಕಡೆ ಹೋಬಳಿ ಮಟ್ಟದ ಕ್ರೀಡಾಕೂಟ ಶುರುವಾದಾಗ ಮೈದಾನದ ಬದಿಯಲ್ಲಿ ನಿಂತರೆ ಒಂದು ಮಾತು ಕಿವಿಗೆ ಬೀಳುತ್ತದೆ. "ಮಂಡಿ ಒಳಕ್ಕೆ ಬಿಡಬೇಡ ಕಣಮ್ಮ!" ಅಂತ ಪಿಟಿ ಮೇಷ್ಟ್ರು ಕೂಗುತ್ತಾರೆ. "ನಾನು ಬಿಡ್ತಿಲ್ಲ ಸಾರ್, ಅದೇ ಹೋಗ್ತದೆ" ಅಂತಾಳೆ ಹುಡುಗಿ. ಮೇಷ್ಟ್ರು ನೋಡಿದ್ದು ನಿಜ. ಆದರೆ ಹುಡುಗಿ ಹೇಳಿದ್ದು ಇನ್ನೂ ನಿಜ. ಆ ಕ್ಷಣದಲ್ಲಿ ಮಂಡಿಯನ್ನು ಹಿಡಿದಿಡುವ ಶಕ್ತಿ ಮಂಡಿಯಲ್ಲಿ ಹೆಚ್ಚಿಗೆ ಇರುವುದಿಲ್ಲ. ಅದು ಇರುವುದು ಮೇಲೆ, ಸೊಂಟದ ಹೊರಬದಿಯಲ್ಲಿ.

ಮೊದಲು ಆ ಒಂದು ಹೆಜ್ಜೆಯನ್ನು ಬಿಡಿಸಿ ನೋಡೋಣ. ಎಡಕ್ಕೆ ಹೋಗಬೇಕಾದರೆ ಬಲಗಾಲನ್ನು ದೇಹದಿಂದ ಹೊರಗೆ, ಬಲಕ್ಕೆ ಊರಬೇಕು. ಆ ಕಾಲಿನಿಂದ ನೆಲವನ್ನು ಬಲಕ್ಕೆ ಒದ್ದರೆ ನೆಲ ನಮ್ಮನ್ನು ಎಡಕ್ಕೆ ತಳ್ಳುತ್ತದೆ. ಇಷ್ಟೇ ಕಟ್. ಫುಟ್‌ಬಾಲ್‌ನಲ್ಲಿ ವಿಂಗರ್ ಹೊರಗೆ ಹೋಗುವ ಹಾಗೆ ತೋರಿಸಿ ಒಳಗೆ ನುಗ್ಗುವಾಗಲೂ ಇದೇ ಹೆಜ್ಜೆ. ಚೆಂಡು ಕಾಲಲ್ಲಿರುತ್ತದೆ ಅನ್ನುವುದೊಂದೇ ವ್ಯತ್ಯಾಸ.

ಆ ಒಂದು ಕಾಲಿನ ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ಒಂದು ಸಣ್ಣ ಲೆಕ್ಕ ಹಾಕಬಹುದು. ಓಡುವ ಹುಡುಗಿಯ ತೂಕ 45 ಕೆ.ಜಿ. ಅಂದುಕೊಳ್ಳಿ. ವೇಗ ಸೆಕೆಂಡಿಗೆ 5 ಮೀಟರ್. ಇದು ಶಾಲಾ ಹುಡುಗಿಗೆ ತೀರಾ ಜಾಸ್ತಿಯೇನಲ್ಲ. ಅದೇ ವೇಗ ಉಳಿಸಿಕೊಂಡು 45 ಡಿಗ್ರಿ ಎಡಕ್ಕೆ ತಿರುಗಬೇಕು. ಲೆಕ್ಕ ಹಾಕಿದರೆ ಅವಳ ಚಲನೆಯಲ್ಲಿ ಸೆಕೆಂಡಿಗೆ ಸುಮಾರು 3.8 ಮೀಟರ್‌ನಷ್ಟು ಬದಲಾವಣೆ ಆಗಬೇಕು. ಅದೂ ಹೆಚ್ಚಿನ ಪಾಲು ಅಡ್ಡಕ್ಕೆ. ಬಲಗಾಲು ನೆಲದ ಮೇಲೆ ಇರುವುದು ಸುಮಾರು 0.2 ಸೆಕೆಂಡ್. ಅಷ್ಟರೊಳಗೆ ಕೆಲಸ ಮುಗಿಯಬೇಕಾದರೆ ನೆಲ ಅವಳನ್ನು ಸರಾಸರಿ ಸುಮಾರು 88 ಕೆ.ಜಿ. ತೂಕದಷ್ಟು ಬಲದಿಂದ ಅಡ್ಡಕ್ಕೆ ತಳ್ಳಬೇಕು. ಅಂದರೆ ಅವಳ ತೂಕದ ಹತ್ತಿರ ಹತ್ತಿರ ಎರಡು ಪಟ್ಟು. ಮೈಭಾರ ಹೊರುವ ಕೆಲಸ ಬೇರೆ ಇದೆ, ಅದನ್ನು ಇದರಲ್ಲಿ ಸೇರಿಸಿಲ್ಲ.

ಈಗ ಅದೇ ಹುಡುಗಿ ಊರುವ ಹೆಜ್ಜೆಗೆ ಮುಂಚಿನ ಒಂದೆರಡು ಹೆಜ್ಜೆಯಲ್ಲಿ ಬ್ರೇಕ್ ಹಾಕಿ ವೇಗವನ್ನು ಸೆಕೆಂಡಿಗೆ 3 ಮೀಟರ್‌ಗೆ ಇಳಿಸಿಕೊಂಡಳು ಅನ್ನಿ. ಅಡ್ಡ ಬಲ 53 ಕೆ.ಜಿ.ಗೆ ಇಳಿಯಿತು. ಒಳ್ಳೆಯ ಆಟಗಾರರ ಕಟ್ ನೋಡಿದರೆ ಒಂದೇ ಹೆಜ್ಜೆಯಲ್ಲಿ ಆದ ಹಾಗೆ ಕಾಣುತ್ತದೆ. ನಿಜವಾಗಿ ಅದರ ಅರ್ಧ ಕೆಲಸ ಹಿಂದಿನ ಹೆಜ್ಜೆಯಲ್ಲೇ, ಎಡಗಾಲಿನಲ್ಲೇ ಮುಗಿದಿರುತ್ತದೆ. ಕೋಚುಗಳು ಊರುವ ಕಾಲನ್ನೇ ನೋಡುತ್ತಾ ನಿಲ್ಲುತ್ತಾರೆ. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು ಅದರ ಹಿಂದಿನ ಕಾಲನ್ನು.

ಇನ್ನು ಮಂಡಿಯ ವಿಷಯ. ಮಂಡಿ ಮುಖ್ಯವಾಗಿ ಬಾಗಿಲ ಹಿಂಜಿನ ಹಾಗೆ ಒಂದೇ ಕಡೆ ಮಡಿಸುವ ಕೀಲು. ಹಿಂದಕ್ಕೆ ಮಡಿಸುತ್ತದೆ, ಮುಂದಕ್ಕೆ ಬಿಚ್ಚುತ್ತದೆ. ಮಡಿಸಿದಾಗ ಸ್ವಲ್ಪ ತಿರುಗುತ್ತದೆ. ಬದಿಗೆ ಬಾಗಲು ಅದು ಹುಟ್ಟಿದ್ದೇ ಅಲ್ಲ. ಬದಿಗೆ ಬಾಗದ ಹಾಗೆ ತಡೆಯಲು ಅಲ್ಲಿ ಇರುವುದು ಹೆಚ್ಚಾಗಿ ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟುಗಳು. ತೊಡೆಯ ಸ್ನಾಯುಗಳು ಬಿಗಿ ಹಿಡಿದು ಕೀಲನ್ನು ಒತ್ತಿ ಒಂದಷ್ಟು ಸಹಾಯ ಮಾಡುತ್ತವೆ, ಅಷ್ಟೇ.

ಹಾಗಾದರೆ ಬದಿಗೆ ಬಾಗಿಸುವುದು ಯಾವುದು? ನೆಲದ ತಳ್ಳುವಿಕೆಯೇ. ಊರಿದ ಪಾದದಿಂದ ಹೊರಟ ಆ ಬಲ ಓರೆಯಾಗಿ ಮೇಲಕ್ಕೆ, ದೇಹದ ಕಡೆ ಹೋಗುತ್ತದೆ. ಅದನ್ನು ಒಂದು ಗೆರೆ ಅಂತ ಕಲ್ಪಿಸಿಕೊಳ್ಳಿ. ಆ ಗೆರೆ ಮಂಡಿಯ ನಡುವೆ ಹಾದುಹೋದರೆ ಮಂಡಿ ಬದಿಗೆ ಬಾಗುವ ಪ್ರಶ್ನೆಯೇ ಇಲ್ಲ, ಎಷ್ಟೇ ಭಾರ ಬಿದ್ದರೂ. ಗೆರೆ ಮಂಡಿಯ ಹೊರಗಿನಿಂದ ಹೋಯಿತು ಅನ್ನಿ. ಆಗ ಅದೇ ಬಲ ಮಂಡಿಯನ್ನು ಒಳಕ್ಕೆ ಬಾಗಿಸಲು ನೋಡುತ್ತದೆ. ಒಟ್ಟು ಬಲ 120 ಕೆ.ಜಿ. ತೂಕದಷ್ಟಿದ್ದು, ಗೆರೆ ಮಂಡಿಯಿಂದ 2 ಸೆಂ.ಮೀ. ಹೊರಗಿದ್ದರೆ ಒಂದು ಲೆಕ್ಕ. 6 ಸೆಂ.ಮೀ. ಹೊರಗಿದ್ದರೆ ಬಾಗಿಸುವ ಶಕ್ತಿ ಮೂರು ಪಟ್ಟು. ಭಾರ ಒಂದು ಗ್ರಾಂ ಕೂಡ ಹೆಚ್ಚಿಲ್ಲ, ಬೆರಳಗಲದ ಲೆಕ್ಕದಲ್ಲಿ ಜಾಗ ಬದಲಾಯಿತು ಅಷ್ಟೇ.

ಇಲ್ಲೊಂದು ಕೆಟ್ಟ ಸುತ್ತು ಇದೆ. ಮಂಡಿ ಒಳಕ್ಕೆ ಹೋದಷ್ಟೂ ಗೆರೆ ಅದರಿಂದ ಇನ್ನೂ ಹೊರಗೆ ಉಳಿಯುತ್ತದೆ. ಆಗ ಒಳಕ್ಕೆ ತಳ್ಳುವ ಶಕ್ತಿ ಇನ್ನೂ ಹೆಚ್ಚುತ್ತದೆ. ಹಾಗಾಗಿಯೇ "ಅದೇ ಹೋಗ್ತದೆ" ಅನ್ನಿಸುವುದು.

ಈ ಸುತ್ತನ್ನು ಮುರಿಯುವವರು ಸೊಂಟದ ಹೊರಬದಿಯ ಸ್ನಾಯುಗಳು. ಎದ್ದು ನಿಂತು ಒಮ್ಮೆ ನೋಡಿ. ಬಲಗೈಯನ್ನು ಬೆಲ್ಟಿನ ಸ್ವಲ್ಪ ಕೆಳಗೆ, ಪ್ಯಾಂಟಿನ ಸೈಡ್ ಜೇಬು ಶುರುವಾಗುವ ಜಾಗದಲ್ಲಿ ಇಡಿ. ಎಡಗಾಲನ್ನು ಎತ್ತಿ. ಕೈ ಕೆಳಗೆ ಗಟ್ಟಿಯಾಯಿತಲ್ವಾ? ಅಲ್ಲಿ ಮುಖ್ಯವಾಗಿರುವುದು ಗ್ಲೂಟಿಯಸ್ ಮೀಡಿಯಸ್. ಸೊಂಟದ ಮೂಳೆಯ ಹೊರಮೈಯಿಂದ ಹೊರಟು, ತೊಡೆಮೂಳೆಯ ಮೇಲ್ತುದಿಯಲ್ಲಿ ಹೊರಗೆ ಕೈಗೆ ಸಿಗುವ ಉಬ್ಬಿಗೆ ಅಂಟಿಕೊಂಡಿದೆ. ಒಂದು ಕಾಲಿನ ಮೇಲೆ ಸುಮ್ನೆ ನಿಂತಾಗಲೂ ಅದು ಮೈತೂಕಕ್ಕಿಂತ ಜಾಸ್ತಿ ಬಲದಲ್ಲಿ ಎಳೆಯುತ್ತಿರಬೇಕು. ಮೈಭಾರ ಬೀಳುವ ಜಾಗ ಸೊಂಟದ ಕೀಲಿನಿಂದ ದೂರ, ಈ ಸ್ನಾಯು ಕೀಲಿಗೆ ಹತ್ತಿರ. ಹತ್ತಿರ ನಿಂತು ಎಳೆಯುವವನಿಗೆ ಕಷ್ಟ ಜಾಸ್ತಿ.

ಅದಕ್ಕೆ ಎರಡು ಕೆಲಸ. ಎತ್ತಿದ ಕಾಲಿನ ಕಡೆ ಸೊಂಟ ಕುಸಿಯದ ಹಾಗೆ ನೋಡಿಕೊಳ್ಳುವುದು ಒಂದು. ಊರಿದ ಕಾಲಿನ ತೊಡೆ ಒಳಕ್ಕೆ ಬೀಳದ ಹಾಗೆ ಹಿಡಿಯುವುದು ಇನ್ನೊಂದು. ಅದರ ಹಿಂದೆ ಇರುವ ದೊಡ್ಡ ಸ್ನಾಯು, ನಾವು ಕೂರುವ ಭಾಗದ್ದು, ತೊಡೆ ಒಳಕ್ಕೆ ತಿರುಚದ ಹಾಗೆ ತಡೆಯುತ್ತದೆ. ಇವೆರಡೂ ತಡವಾಗಿ ಎಚ್ಚೆತ್ತರೆ ಅಥವಾ ಸೋತರೆ ತೊಡೆಮೂಳೆ ಒಳಕ್ಕೆ ವಾಲಿ ಒಳಕ್ಕೆ ತಿರುಗುತ್ತದೆ. ಕೆಳಗೆ ಪಾದ ನೆಲಕ್ಕೆ ಕಚ್ಚಿಕೊಂಡಿದೆ, ಅದು ಕದಲುವುದಿಲ್ಲ. ಮೇಲಿನದ್ದು ತಿರುಗಿತು, ಕೆಳಗಿನದ್ದು ನಿಂತಿತು. ನಡುವೆ ಸಿಕ್ಕವನು ಮಂಡಿ. ಅದರೊಳಗೆ ತೊಡೆಮೂಳೆಯಿಂದ ಕೆಳಗಿನ ಮೂಳೆಗೆ ಓರೆಯಾಗಿ ಕಟ್ಟಿರುವ ಎಸಿಎಲ್ ಅನ್ನುವ ಲಿಗಮೆಂಟು ಆಗ ಎಳೆದುಕೊಳ್ಳುತ್ತದೆ.

ಮಂಡಿ ನೆಟ್ಟಗಿದ್ದರೆ ಕಷ್ಟ ಇನ್ನೂ ಹೆಚ್ಚು. ನೆಟ್ಟಗಿರುವಾಗ ತೊಡೆಯ ಮುಂಭಾಗದ ಸ್ನಾಯು ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆಯುತ್ತದೆ. ಅದನ್ನು ತಡೆದು ಹಿಡಿಯುವುದೂ ಎಸಿಎಲ್‌ನ ಕೆಲಸವೇ. ಮಂಡಿ ಚೆನ್ನಾಗಿ ಬಾಗಿದ್ದರೆ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಅದನ್ನು ಹಿಂದಕ್ಕೆ ಎಳೆದು ಸಹಾಯಕ್ಕೆ ಬರುತ್ತದೆ. ನೆಟ್ಟಗಿರುವ ಕಾಲಿನಲ್ಲಿ ಅದಕ್ಕೆ ಆ ಹಿಡಿತ ಸಿಗುವುದಿಲ್ಲ.

ಎಷ್ಟು ಹೊತ್ತಿನಲ್ಲಿ ಇದೆಲ್ಲ ಆಗುತ್ತದೆ ಅನ್ನುವುದು ಮುಖ್ಯ. ಹ್ಯಾಂಡ್‌ಬಾಲ್, ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಎಸಿಎಲ್ ಹರಿದ ಘಟನೆಗಳ ವಿಡಿಯೊಗಳನ್ನು ಸಂಶೋಧಕರು ಫ್ರೇಮ್ ಫ್ರೇಮ್ ಆಗಿ ಅಳೆದಿದ್ದಾರೆ. ಪಾದ ನೆಲ ಮುಟ್ಟಿ ಸುಮಾರು 0.04 ಸೆಕೆಂಡಿನಲ್ಲಿ ಹಾನಿ ಆಗಿಹೋಗಿರುತ್ತದೆ ಅಂತ ಅವರು ಅಂದಾಜು ಮಾಡಿದರು. ಮಂಡಿ ಒಳಕ್ಕೆ ಹೋಗುತ್ತಿದೆ ಅಂತ ಮೈಗೆ ಗೊತ್ತಾಗಿ, ಸ್ನಾಯುವಿಗೆ ಸುದ್ದಿ ಹೋಗಿ, ಅದು ಬಿಗಿಯಾಗಿ ಬಲ ಕೊಡಲು ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ಹಾಗಾಗಿ ಸೊಂಟದ ಸ್ನಾಯು ಪಾದ ಊರಿದ ಮೇಲೆ ಎಚ್ಚೆತ್ತು ಪ್ರಯೋಜನವಿಲ್ಲ. ಕಾಲು ಗಾಳಿಯಲ್ಲಿರುವಾಗಲೇ ಅದು ಬಿಗಿಯಾಗಿರಬೇಕು. "ಮಂಡಿ ಒಳಕ್ಕೆ ಬಿಡಬೇಡ" ಅನ್ನುವ ಕೂಗು ಕೆಲಸ ಮಾಡದಿರುವುದು ಇದಕ್ಕೇ. ಕೇಳಿಸಿಕೊಂಡು ಸರಿಪಡಿಸಿಕೊಳ್ಳುವ ಹೊತ್ತು ಅಲ್ಲಿ ಇಲ್ಲ.

ಖೋ ಖೋದಲ್ಲಿ ಇದು ಇನ್ನೂ ಕಠಿಣ. ಮೊದಲೇ ಅಂದುಕೊಂಡು ಹೊಡೆವ ಕಟ್ ಒಂದು ಥರ, ಕಂಡ ಮೇಲೆ ಹೊಡೆವ ಕಟ್ ಇನ್ನೊಂದು ಥರ. ಪ್ರಯೋಗಾಲಯದಲ್ಲಿ ಓಡುವವರಿಗೆ ಕೊನೇ ಗಳಿಗೆಯಲ್ಲಿ ದೀಪ ಹಚ್ಚಿ ದಿಕ್ಕು ತೋರಿಸಿದಾಗ, ಮಂಡಿಯನ್ನು ಬದಿಗೆ ಬಾಗಿಸುವ, ತಿರುಚುವ ಬಲ ಎದ್ದು ಕಾಣುವಷ್ಟು ಹೆಚ್ಚಿತು. ಕಾರಣ ಸರಳ. ಹೊತ್ತಿಲ್ಲದಾಗ ಹಿಂದಿನ ಹೆಜ್ಜೆಯಲ್ಲಿ ಬ್ರೇಕ್ ಬೀಳುವುದಿಲ್ಲ. ಎದೆ ಇನ್ನೂ ಹಳೆಯ ದಿಕ್ಕಿಗೇ ವಾಲಿರುತ್ತದೆ, ಕಾಲು ಮಾತ್ರ ದೂರಕ್ಕೆ ಚಾಚಿ ಊರುತ್ತದೆ. ಬಲಗಾಲು ಊರಿ ಎಡಕ್ಕೆ ಹೋಗುವವಳ ಎದೆ ಬಲಕ್ಕೆ ವಾಲಿದ್ದರೆ ನಾವು ಹೇಳಿದ ಆ ಗೆರೆಯೂ ಬಲಕ್ಕೆ, ಅಂದರೆ ಮಂಡಿಯ ಹೊರಕ್ಕೆ ಸರಿಯುತ್ತದೆ.

ಒಂದು ಸನ್ನಿವೇಶ ನೋಡಿ. ಒಂಬತ್ತನೇ ಕ್ಲಾಸಿನ ಹುಡುಗಿ ಸಾಲಿನ ಪಕ್ಕ ಕಂಬದ ಕಡೆ ಓಡುತ್ತಿದ್ದಾಳೆ. ಬೆನ್ನಟ್ಟುವವಳು ಸಾಲಿನ ಆಚೆ ಬದಿಯಲ್ಲಿ, ಇವಳ ಸಮಕ್ಕೇ ಇದ್ದಾಳೆ. ಇವಳ ಕಣ್ಣು ಅವಳ ಭುಜದ ಮೇಲಿದೆ. ಅವಳು ಥಟ್ಟನೆ ಖೋ ಕೊಟ್ಟಳು. ಇವಳ ಬದಿಗೆ ಮುಖ ಮಾಡಿ ಕೂತಿದ್ದವಳು ಎದ್ದು ಇವಳ ದಾರಿಗೇ ಬಂದಳು. ಈಗ ಇವಳು ಸಾಲಿನ ಸಂದಿಗೆ ನುಗ್ಗಬೇಕು. ಇಂಥ ಕಟ್‌ನಲ್ಲಿ ಹಿಂದಿನ ಹೆಜ್ಜೆಯೇ ಇಲ್ಲ. ಪೂರ್ತಿ 88 ಕೆ.ಜಿ. ಒಂದೇ ಕಾಲಿನ ಮೇಲೆ ಬಂತು. ಚೆನ್ನಾಗಿ ಆಡುವ ರನ್ನರುಗಳು ಬೆನ್ನಟ್ಟುವವಳ ಕೈಯನ್ನು ನೋಡುತ್ತಾ ಕೂರುವುದಿಲ್ಲ. ಅವಳು ಕೂತವಳ ಬೆನ್ನಿಗೆ ಹತ್ತಿರವಾಗಿ ಹೆಜ್ಜೆ ಚಿಕ್ಕದು ಮಾಡಿದ ಕೂಡಲೇ ತಾವೂ ಹೆಜ್ಜೆ ಚಿಕ್ಕದು ಮಾಡುತ್ತಾರೆ. ಖೋ ಬಂದರೂ ಸರಿ, ಬರದಿದ್ದರೂ ಸರಿ, ಸೊಂಟ ತಯಾರಾಗಿರುತ್ತದೆ. ಫುಟ್‌ಬಾಲ್‌ನಲ್ಲಿ ಡಿಫೆಂಡರ್ ಚೆಂಡನ್ನು ಬಿಟ್ಟು ಎದುರಾಳಿಯ ಸೊಂಟವನ್ನು ನೋಡಬೇಕು ಅನ್ನುವುದೂ ಇದೇ ಲೆಕ್ಕ.

ಇವಳ ಕಟ್ ಹೇಗಿದೆ ಅಂತ ತಿಳಿಯಲು ಮೊಬೈಲು ಸಾಕು, ಆದರೆ ಸ್ಲೋ ಮೋಷನ್ ಹಾಕಬೇಕು. ಸೆಕೆಂಡಿಗೆ 30 ಫ್ರೇಮಿನ ಮಾಮೂಲಿ ವಿಡಿಯೊದಲ್ಲಿ ಆ 0.04 ಸೆಕೆಂಡಿಗೆ ಸಿಗುವುದು ಒಂದೋ ಎರಡೋ ಚಿತ್ರ. 240 ಫ್ರೇಮಿನಲ್ಲಿ ಒಂಬತ್ತು, ಹತ್ತು ಸಿಗುತ್ತದೆ. ಮೊಬೈಲನ್ನು ಮಂಡಿ ಎತ್ತರದಲ್ಲಿ, ಓಡಿ ಬರುವವಳಿಗೆ ನೇರ ಎದುರು ಇಡಿ. ಪಕ್ಕದಿಂದ ತೆಗೆದರೆ ಮಂಡಿ ಒಳಕ್ಕೆ ಹೋಗುವುದು ಕಾಣುವುದೇ ಇಲ್ಲ. ಸೊಂಟದ ಎರಡೂ ಬದಿಗೆ, ಮಂಡಿ ಚಿಪ್ಪಿನ ಮೇಲೆ ಬಿಳಿ ಟೇಪಿನ ಚೂರು ಅಂಟಿಸಿದರೆ ಇನ್ನೂ ಸುಲಭ. ನಂತರ ಪಾದ ಪೂರ್ತಿ ಊರಿದ ಚಿತ್ರದಲ್ಲಿ ನಿಲ್ಲಿಸಿ ನೋಡಿ. ಚಿಪ್ಪಿನ ಟೇಪು ಪಾದದ ಎರಡನೇ ಬೆರಳಿನ ನೇರಕ್ಕಿದೆಯೋ, ಹೆಬ್ಬೆರಳು ದಾಟಿ ಒಳಕ್ಕೆ ಹೋಗಿದೆಯೋ? ಸೊಂಟದ ಎರಡು ಟೇಪು ಸಮ ಇವೆಯೋ, ಎತ್ತಿದ ಕಾಲಿನ ಕಡೆಯದ್ದು ಕುಸಿದಿದೆಯೋ? ಅಂಗಿಯ ಗುಂಡಿ ಸಾಲು ಯಾವ ಕಡೆ ವಾಲಿದೆ?

ನಮ್ಮ ಹುಡುಗಿಯ ವಿಡಿಯೊದಲ್ಲಿ ಬಲಗಾಲು ಊರಿದಾಗ ಮಂಡಿ ಒಳಗೆ, ಎಡ ಸೊಂಟ ಕೆಳಗೆ, ಎದೆ ಬಲಕ್ಕೆ ಕಂಡಿತು ಅನ್ನಿ. ಎಡಗಾಲು ಊರಿದಾಗ ಎಲ್ಲ ನೆಟ್ಟಗಿದೆ. ಹಾಗಾದರೆ ಬಲ ಸೊಂಟದ ಸ್ನಾಯುವಿನ ಬಗ್ಗೆ ಅನುಮಾನ ಬರುತ್ತದೆ. ಖಾತ್ರಿ ಮಾಡಿಕೊಳ್ಳಲು ಶಾಲೆಯ ಮೆಟ್ಟಿಲು ಸಾಕು. ಮೆಟ್ಟಿಲ ಅಂಚಿನಲ್ಲಿ ಬಲಗಾಲಿನ ಮೇಲೆ ನಿಂತು, ಎಡ ಹಿಮ್ಮಡಿ ಕೆಳಗಿನ ಮೆಟ್ಟಿಲಿಗೆ ಸೋಕುವ ತನಕ ನಿಧಾನ ಇಳಿಯಲಿ, ಏಳಲಿ. ನಾಲ್ಕೈದು ಸಲದಲ್ಲೇ ಮಂಡಿ ಒಳಕ್ಕೆ ಅಲ್ಲಾಡತೊಡಗಿದರೆ ಬಲದ ಕೊರತೆ ಇದೆ. ಮೆಟ್ಟಿಲ ಮೇಲೆ ನೆಟ್ಟಗಿದ್ದು ಓಟದಲ್ಲಿ ಮಾತ್ರ ಬೀಳುತ್ತಿದ್ದರೆ ಬಲ ಇದೆ, ಹೊತ್ತಿಗೆ ಬರುತ್ತಿಲ್ಲ. ಎರಡಕ್ಕೂ ಔಷಧಿ ಬೇರೆ.

ಬಲ ಕಡಿಮೆ ಇದ್ದರೆ ಮಾಡಬೇಕಾದ್ದು ಹಳೆಯ ವ್ಯಾಯಾಮಗಳೇ. ಬದಿಗೆ ಮಲಗಿ ಮೇಲಿನ ಕಾಲನ್ನು ಹಿಮ್ಮಡಿ ಮುಂದಾಗದ ಹಾಗೆ ಎತ್ತುವುದು, ಮೊಣಕೈ ಊರಿ ಸೈಡ್ ಪ್ಲಾಂಕ್, ಮಂಡಿಯ ಮೇಲೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಅಡ್ಡ ನಡಿಗೆ, ಆಮೇಲೆ ಅದೇ ಮೆಟ್ಟಿಲು ಇಳಿಯುವುದು. ವಾರಕ್ಕೆ ಎರಡು ಮೂರು ಸಲ ಮಾಡಿದರೂ ಒಂದೂವರೆ ಎರಡು ತಿಂಗಳು ಬೇಕು. ಕ್ರೀಡಾಕೂಟ ಮುಂದಿನ ವಾರ ಅಂದಾಗ ಶುರುಮಾಡಿದರೆ ಬರೀ ಕಾಲು ನೋವು.

ಆದರೆ ಬಲ ಬಂದ ಮಾತ್ರಕ್ಕೆ ಕಟ್ ಸರಿಹೋಗುವುದಿಲ್ಲ. ಮಲಗಿ ಕಾಲೆತ್ತುವ ಶಕ್ತಿ ಬೇರೆ, 0.04 ಸೆಕೆಂಡಿನೊಳಗೆ ತಯಾರಿರುವುದು ಬೇರೆ. ಅದಕ್ಕೆ ಹೆಜ್ಜೆಯನ್ನೇ ತಿದ್ದಬೇಕು. ಮೊದಲು ಓಡಿ ಬಂದು ಮೂರು ಚಿಕ್ಕ ಹೆಜ್ಜೆಯಲ್ಲಿ ನಿಲ್ಲುವುದು, ಮಂಡಿ ಬಾಗಿಸಿ, ಸದ್ದಿಲ್ಲದೆ. ಅದು ಬಂದ ಮೇಲೆ ಅರ್ಧ ವೇಗದಲ್ಲಿ, ಮೊದಲೇ ಹೇಳಿದ ದಿಕ್ಕಿಗೆ 45 ಡಿಗ್ರಿ ಕಟ್. ಆಮೇಲೆ ಪೂರ್ತಿ ವೇಗ. ಕೊನೆಗೆ ಎದುರು ನಿಂತವರು ಕೈ ತೋರಿಸಿದ ಕಡೆಗೆ. ಕೊನೆಯ ಹಂತದಲ್ಲಿ ಮಂಡಿ ಮತ್ತೆ ಒಳಕ್ಕೆ ಬೀಳತೊಡಗಿದರೆ ವೇಗ ಇಳಿಸಬೇಕು. ಫುಟ್‌ಬಾಲ್‌ನವರ ಫಿಫಾ 11+ ಅನ್ನುವ ಸುಮಾರು 20 ನಿಮಿಷದ ವಾರ್ಮಪ್‌ನಲ್ಲೂ ಸೈಡ್ ಪ್ಲಾಂಕ್, ಒಂಟಿಕಾಲಿನ ಬ್ಯಾಲೆನ್ಸ್, ಕೊನೆಗೆ ಊರಿ ತಿರುಗುವ ಓಟ ಇವೆ. ಹುಡುಗಿಯರ ತಂಡಗಳಲ್ಲಿ ಇದನ್ನು ಬಿಡದೆ ಮಾಡಿದಾಗ ಗಾಯ ಕಡಿಮೆಯಾದದ್ದು ದಾಖಲಾಗಿದೆ. ಫುಟ್‌ಬಾಲ್ ಆಡುವ ಹುಡುಗಿಯರಲ್ಲಿ ಎಸಿಎಲ್ ಹರಿಯುವುದು ಹುಡುಗರಿಗಿಂತ ಎರಡು ಮೂರು ಪಟ್ಟು ಹೆಚ್ಚು, ಹಾಗಾಗಿ ಅವರಿಗೆ ಇದು ಇನ್ನಷ್ಟು ಬೇಕು. ಖೋ ಖೋದವರು ಅದನ್ನು ಹಾಗೇ ಎತ್ತಿಕೊಳ್ಳಬಹುದು, ಚೆಂಡೇನೂ ಬೇಕಿಲ್ಲ.

ಒಂದು ತೊಡಕು ಮಾತ್ರ ಉಳಿಯುತ್ತದೆ. ಕಾಲನ್ನು ದೇಹದಿಂದ ದೂರ ಊರಿದಷ್ಟೂ ಕಟ್ ಚೂಪಾಗುತ್ತದೆ, ಮಂಡಿಗೆ ಭಾರವೂ ಹೆಚ್ಚುತ್ತದೆ. ಹತ್ತಿರ ಊರಿದರೆ ಮಂಡಿ ಹಾಯಾಗಿರುತ್ತದೆ, ಆದರೆ ತಿರುವು ಮೊಂಡು. ಆಟ ಗೆಲ್ಲಬೇಕಾದವಳಿಗೆ ಹತ್ತಿರ ಊರು ಅಂತ ಹೇಳಿದರೆ ಅವಳು ಕೇಳುವುದಿಲ್ಲ, ಕೇಳಬಾರದು ಕೂಡ. ಎದೆಯನ್ನು ಹೋಗುವ ದಿಕ್ಕಿಗೆ ತಿರುಗಿಸು, ಹಿಂದಿನ ಹೆಜ್ಜೆಯಲ್ಲಿ ಬ್ರೇಕ್ ಹಾಕು ಅನ್ನುವುದು ಉತ್ತಮ. ಇವೆರಡರಿಂದ ವೇಗ ಹೆಚ್ಚು ಕಳೆಯುವುದಿಲ್ಲ, ಮಂಡಿಯ ಭಾರ ಇಳಿಯುತ್ತದೆ.

ನೆಲವೂ ಲೆಕ್ಕಕ್ಕೆ ಬರುತ್ತದೆ. ಬರಿಗಾಲಿನಲ್ಲಿ ಕೆಂಪು ಮಣ್ಣಿನ ಮೇಲೆ ಆಡಿ ಬೆಳೆದ ಹುಡುಗಿಯ ಪಾದ ಕಟ್ ಹೊಡೆದಾಗ ಒಂದು ಗೇಣು ಜಾರುತ್ತದೆ. ಜಾರಿದರೆ ತಿರುವು ನಿಧಾನ, ಒಮ್ಮೊಮ್ಮೆ ತೊಡೆಸಂದು ಹಿಡಿದುಕೊಳ್ಳುತ್ತದೆ. ಆದರೆ ಮಂಡಿಯನ್ನು ತಿರುಚುವ ಬಲ ಆ ಜಾರುವಿಕೆಯಲ್ಲೇ ಒಂದಷ್ಟು ಕಳೆದುಹೋಗುತ್ತದೆ. ಅದೇ ಹುಡುಗಿ ಮೇಲಿನ ಹಂತಕ್ಕೆ ಹೋಗಿ ಶೂ ಹಾಕಿ ಮ್ಯಾಟಿನ ಮೇಲೆ ಆಡಿದಳು ಅನ್ನಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪೂ ಮ್ಯಾಟಿನ ಮೇಲೆಯೇ ನಡೆಯಿತು. ಮ್ಯಾಟಿನಲ್ಲಿ ಪಾದ ಜಾರುವುದಿಲ್ಲ, ಕಚ್ಚುತ್ತದೆ. ಮಣ್ಣಿನಲ್ಲಿ ಕಲಿತ ಮೈ ಜಾರುವಿಕೆಯನ್ನು ನಂಬಿ ಕಾಲು ಬೀಸುತ್ತದೆ, ನೆಲ ಮಾತ್ರ ಬಿಡುವುದಿಲ್ಲ. ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರ ಕಡೆ ಸ್ಟಡ್ ಇರುವ ಬೂಟು ಹಾಕಿ ಒದ್ದೆ ಹುಲ್ಲಿನ ಮೇಲೆ ಫುಟ್‌ಬಾಲ್ ಆಡುವವರಿಗೂ ಇದೇ ಕಥೆ. ಉದ್ದ ಸ್ಟಡ್ ನೆಲಕ್ಕೆ ನೆಟ್ಟಾಗ ಪಾದ ತಿರುಗುವುದೇ ಇಲ್ಲ. ಹೊಸ ಮೈದಾನದಲ್ಲಿ ಮೊದಲ ಕೆಲವು ದಿನ ಮುಕ್ಕಾಲು ವೇಗದಲ್ಲೇ ಕಟ್ ಹೊಡೆಯುವುದು ಜಾಣತನ.

ಇಷ್ಟಾದರೂ ಒಮ್ಮೆ ಎಡವಟ್ಟಾಯಿತು ಅನ್ನಿ. ಯಾರೂ ತಗುಲದೆ, ತಿರುಗುವಾಗ ಮಂಡಿಯೊಳಗೆ "ಟಕ್" ಅಂದ ಹಾಗಾಗಿ, ಒಂದೆರಡು ಗಂಟೆಯೊಳಗೆ ಮಂಡಿ ಊದಿಕೊಂಡರೆ ಅದನ್ನು ಉಳುಕು ಅಂತ ಬಿಡಬಾರದು. ಅಷ್ಟು ಬೇಗ ಊದುವುದು ಹೆಚ್ಚಾಗಿ ಕೀಲಿನೊಳಗೆ ರಕ್ತ ಬಂದಾಗ. ಎಣ್ಣೆ ತಿಕ್ಕಿಸುವುದು, ಎಳೆದು ಕಟ್ಟಿಸುವುದು ಬೇಡ. ಎಕ್ಸ್‌ರೇ ನಾರ್ಮಲ್ ಬಂತು ಅಂತ ನಿರಾಳ ಆಗುವುದೂ ಬೇಡ, ಎಕ್ಸ್‌ರೇಯಲ್ಲಿ ಲಿಗಮೆಂಟು ಕಾಣುವುದಿಲ್ಲ. ಮೂಳೆ ಡಾಕ್ಟರು ಮಂಡಿಯನ್ನು ಕೈಯಲ್ಲಿ ಹಿಡಿದು ಎಳೆದು ನೋಡುತ್ತಾರೆ, ಬೇಕಿದ್ದರೆ ಎಂಆರ್‌ಐ ಮಾಡಿಸುತ್ತಾರೆ. ಮೋಸ ಮಾಡುವುದು ಮೂರನೇ ನಾಲ್ಕನೇ ವಾರ. ಊತ ಇಳಿದು, ನೋವು ಹೋಗಿ, ಹುಡುಗಿ ನೇರ ಆರಾಮಾಗಿ ಓಡುತ್ತಾಳೆ. ನೇರ ಓಟಕ್ಕೆ ಎಸಿಎಲ್ ಅಷ್ಟಾಗಿ ಬೇಕಿಲ್ಲ. ಮನೆಯವರು ವಾಸಿಯಾಯಿತು ಅಂತ ಮೈದಾನಕ್ಕೆ ಕಳಿಸುತ್ತಾರೆ. ಮೊದಲ ಕಟ್‌ಗೇ ಮಂಡಿ ಕೈಕೊಡುತ್ತದೆ. ಹಾಗೆ ಪ್ರತಿ ಸಲ ಕೈಕೊಟ್ಟಾಗಲೂ ಒಳಗಿನ ಮೆನಿಸ್ಕಸ್ ಅನ್ನುವ ಮೆತ್ತೆ ಹರಿಯುವ ಅಪಾಯ ಇದೆ. ಡಾಕ್ಟರ ಹತ್ತಿರ ಹೋದಾಗ "ಓಡಲು ಬರುತ್ತದೆ, ತಿರುಗುವಾಗ ಮಂಡಿ ಬಿಟ್ಟುಕೊಡುತ್ತದೆ" ಅನ್ನುವುದನ್ನು ಮೊದಲು ಹೇಳಿ.